ಹಬ್ಬಕ್ಕೆ ಕೆಲಸದವರಿಗೆ ದುಡ್ಡಾ, ಸೀರೆನಾ?

ತುಮಕೂರಲ್ಲಿ ನಮ್ಮನೆಗೆ ಅಜ್ಜಿನ ನೋಡ್ಕೊಳ್ಳೋರು ಒಬ್ರು, ಪಾತ್ರೆ ತೊಳೆಯೋರು ಒಬ್ರು ಬರ್ತಾರೆ. ದೀಪಾವಳಿಗೆ ಏನು ಕೊಡೋದು, ಇಬ್ರಿಗೂ ಒಂದೇ ಥರಾನಾ?

ದುಡ್ಡೇ ಕೊಡಿ, ಹಬ್ಬಕ್ಕೆ ಒಂದು ವಾರ ಮುಂಚೆನೇ. ಸೀರೆ ಕೊಟ್ರೆ ಬ್ಲೌಸ್ ಹೊಲ್ಸೋಕೆ, ಫಾಲ್ ಹಾಕ್ಸೋಕೆ ಅವರೇ ಕೈಯಿಂದ ಹಾಕ್ಬೇಕು, ಅದೇ ವಾರ ಮಕ್ಕಳ ಬಟ್ಟೆ, ಎಣ್ಣೆ, ಬೇಳೆ ಅಂತ ಅವರ ಮನೇಲೂ ಖರ್ಚು ಮೈಮೇಲೆ ಬಿದ್ದಿರುತ್ತೆ. ಇಬ್ರೂ ಮಾತಾಡ್ಕೊಂಡೇ ಮಾತಾಡ್ಕೋತಾರೆ, ಅದಕ್ಕೆ ಮೊತ್ತ ಬೇರೆ ಆದ್ರೂ ಲೆಕ್ಕ ಒಂದೇ ಇರ್ಲಿ, ಅರ್ಧ ತಿಂಗಳ ಸಂಬಳ ಅಂದ್ರೆ 12,000 ತಗೊಳ್ಳೋರಿಗೆ 6,000, 2,500 ತಗೊಳ್ಳೋರಿಗೆ 1,250, ಇದನ್ನ ಇಬ್ರಿಗೂ ಬಾಯಿಬಿಟ್ಟು ಹೇಳ್ಬಿಡಿ. ಸ್ವೀಟ್ ಬಾಕ್ಸ್ ಮಾತ್ರ ಒಂದೇ ಸೈಜ್‌ದು. ಹಳೇ ಅಡ್ವಾನ್ಸ್‌ನ ಇದ್ರಲ್ಲಿ ದಯವಿಟ್ಟು ಮುರ್ಕೋಬೇಡಿ, ಮುಂದಿನ ಸಂಬಳದಲ್ಲಿ ನೋಡ್ಕೊಳ್ಳಿ.