ಡೇರಿ ಡ್ಯಾಶ್‌ಬೋರ್ಡ್ ಒಪ್ಪಿಸುವಾಗ ಟಿಪ್ಪಣಿಯಲ್ಲಿ ಏನು ಬರೆಯಬೇಕು?

ಪ್ರಶ್ನೆ: ಕೋಲಾರ ಜಿಲ್ಲೆಯ ಒಂದು ಡೇರಿಯಲ್ಲಿ ಅನಲಿಸ್ಟ್ ಆಗಿದ್ದೇನೆ, ಮುಂದಿನ ತಿಂಗಳು ಕೆಲಸ ಬಿಡುತ್ತಿದ್ದೇನೆ. ಹಾಲು ಸಂಗ್ರಹಣೆಯ ಡ್ಯಾಶ್‌ಬೋರ್ಡನ್ನು ಹೊಸಬರಿಗೆ ಒಪ್ಪಿಸಬೇಕು. ಪ್ರತಿ ಚಾರ್ಟಿನ ವಿವರಣೆ ಬರೆದುಕೊಟ್ಟರೆ ಸಾಕೇ?

ಉತ್ತರ: ಸಾಲದು. ಚಾರ್ಟಿನಲ್ಲಿ ಏನಿದೆ ಎಂಬುದು ನೋಡಿದವರಿಗೆ ಒಂದು ವಾರದಲ್ಲಿ ತಾನಾಗಿಯೇ ತಿಳಿಯುತ್ತದೆ. ಆ ಚಾರ್ಟು ಯಾವ ದಿನ, ಯಾವ ಕಾರಣಕ್ಕೆ ದಾರಿ ತಪ್ಪಿಸುತ್ತದೆ ಎಂಬುದು ನಿಮಗಷ್ಟೇ ಗೊತ್ತು. ಟಿಪ್ಪಣಿಯ ಹೆಚ್ಚಿನ ಪುಟಗಳನ್ನು ಅದಕ್ಕೇ ಮೀಸಲಿಡಿ. ನಾನೂ ಇದೇ ಜಿಲ್ಲೆಯಲ್ಲಿ ಹಾಲಿನ ಲೆಕ್ಕ ನೋಡುವವನು. ಹೊಸಬರು ಮೊದಲು ಎಡವುವುದು ‘ವ್ಯತ್ಯಾಸ’ದ ಚಾರ್ಟಿನಲ್ಲಿ, ಅಂದರೆ ಹಳ್ಳಿಗಳಲ್ಲಿ ಅಳೆದ ಹಾಲಿಗೂ ಡೇರಿಗೆ ಬಂದು ತಲುಪಿದ ಹಾಲಿಗೂ ಇರುವ ಅಂತರದಲ್ಲಿ.

ಸಂಜೆಯ ಹಾಲು ಬಿಎಂಸಿಯಲ್ಲಿ, ಅಂದರೆ ಹಾಲು ತಣ್ಣಗಿಡುವ ದೊಡ್ಡ ಟ್ಯಾಂಕಿನಲ್ಲಿ, ರಾತ್ರಿಯಿಡೀ ಇದ್ದು, ಮರುದಿನ ಬೆಳಗಿನ ಹಾಲಿನ ಜೊತೆ ಟ್ಯಾಂಕರ್ ಹತ್ತುತ್ತದೆ. ಹಳ್ಳಿಯ ಪುಸ್ತಕದಲ್ಲಿ ಅದಕ್ಕೆ ನಿನ್ನೆಯ ತಾರೀಖು, ಡೇರಿಯ ತೂಕದ ಚೀಟಿಯಲ್ಲಿ ಇಂದಿನ ತಾರೀಖು. ಹಾಲು ದಿನವೂ ಒಂದೇ ಪ್ರಮಾಣದಲ್ಲಿ ಬರುವಷ್ಟು ಕಾಲ ಇದು ಕಣ್ಣಿಗೆ ಬೀಳುವುದಿಲ್ಲ. ಹಬ್ಬ ಬಂದಾಗ ಬೀಳುತ್ತದೆ. ಒಂದು ಮಾರ್ಗದಲ್ಲಿ ಬೆಳಿಗ್ಗೆ 6,000 ಕೆ.ಜಿ., ಸಂಜೆ 4,000 ಕೆ.ಜಿ. ಬರುತ್ತದೆ ಎಂದಿಟ್ಟುಕೊಳ್ಳಿ. ಯುಗಾದಿಯ ಸಂಜೆ ಮನೆಮನೆಯಲ್ಲಿ ಹಾಲು ಉಳಿಸಿಕೊಂಡು 3,000ಕ್ಕೆ ಇಳಿಯಿತು. ಅಂದಿನ ಸಂಗ್ರಹ 9,000. ಆದರೆ ಅಂದು ಬಂದ ಟ್ಯಾಂಕರಿನಲ್ಲಿರುವುದು ಹಿಂದಿನ ಸಂಜೆಯ 4,000 ಮತ್ತು ಆ ಬೆಳಗಿನ 6,000. ಡ್ಯಾಶ್‌ಬೋರ್ಡ್ 1,000 ಕೆ.ಜಿ. ಹೆಚ್ಚುವರಿ ತೋರಿಸುತ್ತದೆ. ಮರುದಿನ ಸಂಗ್ರಹ 10,000, ಟ್ಯಾಂಕರಿನಲ್ಲಿ 9,000. ಈಗ ಅಷ್ಟೇ ಪ್ರಮಾಣದ ಕೊರತೆ. ಒಂದು ಹನಿಯೂ ಎಲ್ಲೂ ಚೆಲ್ಲಿರುವುದಿಲ್ಲ, ಆದರೂ ಯಾವುದೋ ಚಾಲಕನ ಮೇಲೆ ಅನುಮಾನ ಬಂದಿರುತ್ತದೆ. ಇದು ನನಗೆ ಸಣ್ಣ ವಿಷಯವಲ್ಲ. ಒಬ್ಬ ಮನುಷ್ಯನ ಹೆಸರು ಕೆಡುವುದು ಹೀಗೆಯೇ.

ಒಂದು ದಿನ ಹೆಚ್ಚು, ಮರುದಿನ ಅಷ್ಟೇ ಕಡಿಮೆ ಎಂದು ಜೋಡಿಯಾಗಿ ಬಂದರೆ ಅದು ತಾರೀಖಿನ ತೊಡಕು ಎಂದು ಟಿಪ್ಪಣಿಯಲ್ಲಿ ಬರೆಯಿರಿ. ಸಂಜೆಯ ಸಾಲುಗಳನ್ನು ಒಂದು ದಿನ ಮುಂದಕ್ಕೆ ತಳ್ಳುವ ಸೂತ್ರವನ್ನೂ ಕೊಡಿ. ನಾವು ಪೋಸ್ಟ್‌ಗ್ರೆಸ್‌ನಲ್ಲಿ ಬಳಸುವುದು ಇದು:

```sql
CASE WHEN shift = 'E'
     THEN coll_date + 1
     ELSE coll_date END AS tanker_date
```

ಇದಕ್ಕೊಂದು ಮಿತಿಯಿದೆ. ಹಾಲು ಕಡಿಮೆಯಿರುವ ಬಿಎಂಸಿಗೆ ಟ್ಯಾಂಕರ್ ಎರಡು ದಿನಕ್ಕೊಮ್ಮೆ ಹೋಗುವುದಿದ್ದರೆ ಈ ಸೂತ್ರ ನಡೆಯುವುದಿಲ್ಲ. ಅಂಥ ಬಿಎಂಸಿಗಳ ಹೆಸರನ್ನು ಪಟ್ಟಿ ಮಾಡಿಕೊಡಿ. ಅವುಗಳ ವ್ಯತ್ಯಾಸವನ್ನು ದಿನದ ಲೆಕ್ಕದಲ್ಲಿ ನೋಡದೆ, ಒಂದು ಟ್ಯಾಂಕರಿನಿಂದ ಮುಂದಿನ ಟ್ಯಾಂಕರಿನವರೆಗೆ ನೋಡಬೇಕು.

ಜೋಡಿಯಾಗಿ ಬರದೆ, ದಿನವೂ ಸುಮಾರು ಶೇ 3ರಷ್ಟೇ ಅಂತರ ನಿಂತಿದ್ದರೆ ಕಾರಣ ಬೇರೆ. ಹಳ್ಳಿಯಲ್ಲಿ ಲೀಟರಿನಲ್ಲಿ ಅಳೆದದ್ದನ್ನು ಯಾರೋ ಕೆ.ಜಿ. ಎಂದು ದಾಖಲಿಸಿದ್ದಾರೆ. ಒಂದು ಲೀಟರ್ ಹಾಲು ಹೆಚ್ಚುಕಡಿಮೆ 1.03 ಕೆ.ಜಿ. ತೂಗುತ್ತದೆ. ಹೊಸ ಕೇಂದ್ರ ಸೇರಿದ ವಾರ ಇದನ್ನು ತಪ್ಪದೆ ನೋಡಬೇಕು.

ಇನ್ನು ‘ಸರಾಸರಿ ಫ್ಯಾಟ್’. ಇದರ ಪಕ್ಕದಲ್ಲಿ ಯಾವುದನ್ನು ಯಾವುದರಿಂದ ಭಾಗಿಸಿದ್ದು ಎಂದು ಬರೆಯದಿದ್ದರೆ ನಿಮ್ಮ ನಂತರ ಬಂದವರು ಎಕ್ಸೆಲ್‌ನಲ್ಲಿ `AVERAGE` ಹಾಕುವುದು ಖಂಡಿತ. ಒಂದು ಸಂಘದಿಂದ 100 ಕೆ.ಜಿ. ಹಾಲು, ಫ್ಯಾಟ್ 4.5; ಇನ್ನೊಂದರಿಂದ 900 ಕೆ.ಜಿ., ಫ್ಯಾಟ್ 3.5. ಎರಡನ್ನು ಕೂಡಿ ಭಾಗಿಸಿದರೆ 4.0 ಬರುತ್ತದೆ. ನಿಜವಾಗಿ ಇರುವುದು 4.5 ಕೆ.ಜಿ. ಮತ್ತು 31.5 ಕೆ.ಜಿ. ಕೊಬ್ಬು, ಒಟ್ಟು 36 ಕೆ.ಜಿ.; ಅಂದರೆ 3.6. ಮೊದಲ ಲೆಕ್ಕ ನಂಬಿದವರು ಸಾವಿರ ಕೆ.ಜಿ. ಹಾಲಿಗೆ 4 ಕೆ.ಜಿ. ಕೊಬ್ಬು ಕಾಣೆಯಾಗಿದೆ ಎಂದು ಹುಡುಕುತ್ತಾ ಕೂರುತ್ತಾರೆ.

ವಾರದ ಕೆಲಸವನ್ನು ಬಟವಾಡೆಯ ದಿನದಿಂದ ಹಿಂದಕ್ಕೆ ಎಣಿಸಿ ಬರೆಯಿರಿ. ‘ಸೋಮವಾರ ಡೇಟಾ ಪರಿಶೀಲನೆ’ ಎಂದಷ್ಟೇ ಬರೆದರೆ ಯಾರಿಗೂ ಏನೂ ತಿಳಿಯದು. ಬಟವಾಡೆ ಪಟ್ಟಿ ಹೊರಡುವ ಎರಡು ದಿನ ಮೊದಲು ಯಾವ ಸಂಘದಿಂದ ಒಂದು ಹೊತ್ತಿನ ಸಾಲು ಬಂದಿಲ್ಲ, ಯಾವ ಸಂಘದ ಎಲ್ಲ ಸದಸ್ಯರ ಫ್ಯಾಟ್ ಹಿಂದಿನ ಹೊತ್ತಿನದನ್ನೇ ದಶಮಾಂಶದವರೆಗೆ ಹೋಲುತ್ತದೆ ಎಂದು ನೋಡಬೇಕು. ಎರಡನೆಯದು ಕಂಡರೆ ಪರೀಕ್ಷಾ ಯಂತ್ರ ಕೆಟ್ಟು ಹಳೆಯ ಅಂಕಿ ತುಂಬಿರುವ ಸಾಧ್ಯತೆಯೇ ಹೆಚ್ಚು. ಅದನ್ನು ನೀವೇ ತಿದ್ದಬೇಡಿ, ಹೊಸಬರೂ ತಿದ್ದಬಾರದು. ರೈತರ ದುಡ್ಡು ನಿಂತಿರುವುದು ಆ ಅಂಕಿಯ ಮೇಲೆ. ಸಂಘದ ಕಾರ್ಯದರ್ಶಿ ಪುಸ್ತಕ ನೋಡಿ ದೃಢಪಡಿಸುವವರೆಗೆ ಆ ಸಾಲಿಗೆ ಗುರುತು ಹಾಕಿಡಬೇಕು.

ಕೊನೆಗೆ, ಒಂದು ಹಬ್ಬದ ವಾರದ ಹಳೆಯ ಡೇಟಾವನ್ನು ಬೇರೆ ಫೈಲಿನಲ್ಲಿ ತೆಗೆದಿಟ್ಟು, ಹೊರಡುವ ಮೊದಲು ಹೊಸಬರ ಕೈಯಿಂದಲೇ ಅದರ ವ್ಯತ್ಯಾಸ ಲೆಕ್ಕ ಮಾಡಿಸಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ನಿಮ್ಮ ಟಿಪ್ಪಣಿಗೆ ಇನ್ನೊಂದು ಸಾಲು ಸೇರಿಸಿ.