ಒಂದೇ ಪಿನ್ನಿನಲ್ಲಿ ಒಂದೇ ಕಡೆಗೆ ತಿರುಗಿದ ಬಾಣಗಳು

ಫ್ರೇಮ್ ಅಸೈನ್‌ಮೆಂಟ್ ತಿದ್ದುವಾಗ ಪದೇ ಪದೇ ಕಂಡ ತಪ್ಪುಗಳು ಒಬ್ಬ ವಿದ್ಯಾರ್ಥಿಯ ಉತ್ತರದಲ್ಲಿ ಒಟ್ಟಿಗೇ ಇದ್ದವು. ಅವರ ಒಪ್ಪಿಗೆಯ ಮೇರೆಗೆ, ಗುರುತು ಮರೆಮಾಡಿ, ಅವರಿಗೆ ನೀಡಿದ ಸಲಹೆಯನ್ನು ತರಗತಿಗೆಲ್ಲ ಬರೆಯುತ್ತಿದ್ದೇನೆ. ತಮಗೆ ಲೆಕ್ಕ ಒಗ್ಗುವುದಿಲ್ಲವೆಂಬ ಅಳುಕಿನಿಂದ ಅವರು ಬಂದಿದ್ದರು. ಆದರೆ ಸಮೀಕರಣ ಬಿಡಿಸಿದ್ದರಲ್ಲಿ ದೋಷವಿರಲಿಲ್ಲ, ದೋಷವೆಲ್ಲ ಚಿತ್ರದಲ್ಲಿತ್ತು.

ಬುಡ A ಯಲ್ಲಿ ಬಿಗಿಯಾಗಿ ನೆಟ್ಟ ಕಂಬ. ಅದರ ತುದಿ C ಯಲ್ಲಿ ಪಿನ್ನಿನಿಂದ ಜೋಡಿಸಿದ, ಬಲಕ್ಕೆ ಚಾಚಿದ 3 ಮೀಟರ್ ಅಡ್ಡತೋಳು. ತೋಳಿನ ಕೊನೆಯಲ್ಲಿ 6 kN ಭಾರ. C ಗಿಂತ 1.5 ಮೀಟರ್ ಕೆಳಗೆ ಕಂಬದ ಮೇಲಿರುವ B ಯಿಂದ, C ಗೆ 2 ಮೀಟರ್ ದೂರದಲ್ಲಿ ತೋಳಿನ ಮೇಲಿರುವ E ವರೆಗೆ, ಎರಡೂ ತುದಿಗಳಲ್ಲಿ ಪಿನ್ನಿನಿಂದ ಜೋಡಿಸಿದ ಓರೆಯಾದ ಸ್ಟ್ರಟ್ ಇದೆ.

ಅವರು ಮೊದಲು ಸ್ಟ್ರಟ್‌ನ ಎರಡೂ ತುದಿಗಳಲ್ಲಿ ಎರಡೆರಡು ಅಜ್ಞಾತ ಬಲಗಳನ್ನು ಬರೆದರು. ಹಾಗಾಗಿ ತೋಳಿನ ಮೇಲೆ ನಾಲ್ಕು ಅಜ್ಞಾತಗಳು, ಕೈಯಲ್ಲಿ ಮೂರೇ ಸಮೀಕರಣಗಳು. ತೂಕವನ್ನು ಕಡೆಗಣಿಸಿದಾಗ, ನಡುವೆ ಯಾವ ಭಾರವೂ ಇಲ್ಲದ ಸ್ಟ್ರಟ್‌ನಲ್ಲಿ ಬಲವು B ಮತ್ತು E ಯನ್ನು ಸೇರಿಸುವ ಗೆರೆಯಲ್ಲೇ ಇರಬೇಕು. ಇದನ್ನು ತೋರಿಸಿದೊಡನೆ C ಸುತ್ತ ಮೊಮೆಂಟ್ ತೆಗೆದು, ಸ್ಟ್ರಟ್ ಬಲ 15 kN ಎಂದು ಅವರೇ ಕಂಡುಕೊಂಡರು: ತೋಳಿನ ಮೇಲೆ 12 ಬಲಕ್ಕೆ, 9 ಮೇಲಕ್ಕೆ.

ಹೆಚ್ಚು ಹೊತ್ತು ಹಿಡಿದದ್ದು C ಯ ಪಿನ್ನು. ತರಗತಿಯಲ್ಲಿ ಬಹಳಷ್ಟು ಮಂದಿ ಎಡವಿದ್ದೂ ಇಲ್ಲಿಯೇ. ಬಲಕ್ಕೂ ಮೇಲಕ್ಕೂ ಧನ ಎಂಬ ಚಿಹ್ನೆಯ ನಿಯಮವನ್ನೇ ಬಾಣದ ನಿಯಮವೆಂದು ಭಾವಿಸಿ, ತೋಳಿನ ಚಿತ್ರದಲ್ಲಿಯೂ ಕಂಬದ ಚಿತ್ರದಲ್ಲಿಯೂ C ಯ ಬಾಣಗಳನ್ನು ಒಂದೇ ದಿಕ್ಕಿಗೆ ಎಳೆಯಲಾಗಿತ್ತು. ತೋಳಿನಿಂದ Cx = −12, Cy = −3 ಸರಿಯಾಗಿಯೇ ಬಂದವು. ಅವನ್ನು ಹಾಗೆಯೇ ಕಂಬಕ್ಕೆ ಹಾಕಿದಾಗ ಬುಡದಲ್ಲಿ 24 kN ಅಡ್ಡ ಪ್ರತಿಕ್ರಿಯೆ, 12 kN ಲಂಬ ಪ್ರತಿಕ್ರಿಯೆ ಬಂದವು. ಹೊರಗಿನಿಂದ ಅಡ್ಡವಾಗಿ ಯಾರೂ ತಳ್ಳದ ಫ್ರೇಮಿಗೆ 24 kN ಎಲ್ಲಿಂದ ಬಂತೆಂದು ಕೇಳಿದಾಗ ಅವರು ತಾವಾಗಿಯೇ ಚಿತ್ರಕ್ಕೆ ಮರಳಿದರು.

ನಾನು ಕೊಟ್ಟ ಸಲಹೆ ಇಷ್ಟು: ಬಿಡಿ ಭಾಗಗಳನ್ನು ಅಕ್ಕಪಕ್ಕದಲ್ಲಿ ಬರೆದು, ಒಂದರ ಮೇಲೆ C ಯ ಬಾಣಗಳನ್ನು ಎಳೆದ ಕೂಡಲೇ, ಲೆಕ್ಕ ಶುರುಮಾಡುವ ಮುಂಚೆ, ಇನ್ನೊಂದರ ಮೇಲೆ ಅವನ್ನು ತಿರುಗಿಸಿ ಎಳೆಯಿರಿ. ಉತ್ತರ ಋಣವಾಗಿ ಬಂದರೆ ಬಾಣವನ್ನು ಅಳಿಸಬೇಡಿ. ಋಣಚಿಹ್ನೆಯೊಡನೆಯೇ ಮುಂದಿನ ಚಿತ್ರಕ್ಕೆ ಒಯ್ಯಿರಿ. ಒಂದೆಡೆ ಬಾಣ ತಿರುಗಿಸಿ ಇನ್ನೊಂದೆಡೆ ಮರೆತವರ ಉತ್ತರವೂ ಹೀಗೆಯೇ ಕೆಟ್ಟಿದೆ. ಇಡೀ ಫ್ರೇಮಿನ ಚಿತ್ರದಲ್ಲಿ C ಯ ಬಲವನ್ನು ತೋರಿಸಿದವರು ಅದನ್ನು ತೆಗೆಯಿರಿ, ಅದು ಒಳಗಿನ ಬಲ.

ಕೊನೆಗೆ ಇಡೀ ಫ್ರೇಮಿನಿಂದ ತಾಳೆ ನೋಡಿ: A ಯಲ್ಲಿ ಅಡ್ಡಬಲ ಸೊನ್ನೆ, ಲಂಬ 6 kN, ಮೊಮೆಂಟ್ 18 kN·m. ಬರಿಯ ಬಲಗಳ ತಾಳೆ ಸಾಲದು, ಏಕೆಂದರೆ ಸ್ಟ್ರಟ್‌ನ ಓರೆಯನ್ನೇ ತಪ್ಪಾಗಿ ಹಿಡಿದರೂ ಬಾಣಗಳು ಎದುರುಬದುರಾಗಿದ್ದರೆ ಸೊನ್ನೆ ಮತ್ತು 6 ಬಂದೇ ಬರುತ್ತವೆ. ಆ ತಪ್ಪು ಸಿಕ್ಕಿಬೀಳುವುದು ಮೊಮೆಂಟ್ 18 ಬಾರದಿದ್ದಾಗ.