ತಡಪಾವತಿ ಶುಲ್ಕ ಮನ್ನಾ ಕೋರುವ ಪತ್ರ

“ಮಾರ್ಚ್ 4ರಿಂದ 12ರವರೆಗೆ ಹಾಸನದ ಆಸ್ಪತ್ರೆಯಲ್ಲಿದ್ದೆ, 7ಕ್ಕೆ ಕಟ್ಟಬೇಕಿದ್ದ ಕಾರ್ಡ್ ಬಿಲ್ ತಪ್ಪಿತು. ಫೋನ್ ಮಾಡಿದರೆ ಲೇಟ್ ಫೀ ಬಿಡಲ್ಲ ಅಂದರು. ಪತ್ರ ಹೇಗೆ ಬರೆಯಲಿ?”

ಫೋನಿನಲ್ಲಿ ದಾಖಲೆ ತೋರಿಸಲಾಗದಿರುವುದೇ ನಿರಾಕರಣೆಗೆ ಕಾರಣವಿರಬಹುದು. ಬಡ್ಡಿ ದಿನವೂ ಬೆಳೆಯುವುದರಿಂದ ಮೊದಲು ಬಾಕಿಯನ್ನು ಪೂರ್ತಿ ಕಟ್ಟಿ, ಆಮೇಲೆ ಬ್ಯಾಂಕಿನ ಕುಂದುಕೊರತೆ ವಿಭಾಗಕ್ಕೆ ಇಮೇಲ್‌ನಲ್ಲಿ ಹೀಗೆ ಬರೆಯಿರಿ:

“ಮಾರ್ಚ್ 4ರಿಂದ 12ರವರೆಗೆ ನಾನು ಒಳರೋಗಿಯಾಗಿದ್ದು, ಪಾವತಿಯ ಕೊನೆಯ ದಿನವಾದ 7ನೇ ತಾರೀಖು ಆ ಅವಧಿಯಲ್ಲೇ ಬಂದಿದೆ. ಬಾಕಿಯನ್ನು ಈಗ ಪೂರ್ತಿ ಪಾವತಿಸಿದ್ದೇನೆ. ತಡಪಾವತಿ ಶುಲ್ಕ, ಅದರ ಮೇಲಿನ ಜಿಎಸ್‌ಟಿ ಹಾಗೂ ಬಡ್ಡಿಯನ್ನು ಮನ್ನಾ ಮಾಡಬೇಕೆಂದು ಕೋರುತ್ತೇನೆ.”

ಬಡ್ಡಿಯನ್ನು ಹೆಸರಿಸಲು ಮರೆಯಬೇಡಿ; ಸ್ಟೇಟ್‌ಮೆಂಟಿನಲ್ಲಿ ಅದು ಬೇರೆಯೇ ಸಾಲಾಗಿರುವುದರಿಂದ ಕೇಳದಿದ್ದರೆ ಹಾಗೆಯೇ ಉಳಿಯಬಹುದು. ದಾಖಲಾದ ಮತ್ತು ಬಿಡುಗಡೆಯಾದ ತಾರೀಖುಗಳಿರುವ ಡಿಸ್ಚಾರ್ಜ್ ಸಮ್ಮರಿಯನ್ನು ಲಗತ್ತಿಸಿ, ಕಾರ್ಡಿನ ಕೊನೆಯ ನಾಲ್ಕು ಅಂಕಿಗಳನ್ನಷ್ಟೇ ಬರೆಯಿರಿ. ಮನ್ನಾ ಬ್ಯಾಂಕಿನ ವಿವೇಚನೆಗೆ ಬಿಟ್ಟದ್ದು, ಖಚಿತವಲ್ಲ. 30 ದಿನಗಳಲ್ಲಿ ಉತ್ತರವೇ ಬರದಿದ್ದರೆ cms.rbi.org.in ನಲ್ಲಿ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು.